ಸಭೆಯಲ್ಲಿ ಕೊಟ್ಟ 15 ದಿನದ ಗಡುವು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮೂರು ಬ್ರಹ್ಮಾವರ ತಾಲೂಕಿನಲ್ಲಿದೆ. ರಸ್ತೆ ಅಗಲ ಮಾಡಿದ ಮೇಲೆ ಎರಡು ಕರೆಂಟ್ ಕಂಬ ಡಾಂಬರಿನ ಮೇಲೇ ನಿಂತಿವೆ. ಜಿಲ್ಲಾಧಿಕಾರಿಗಳ ಸಭೆಯಲ್ಲಿ 15 ದಿನದೊಳಗೆ ತೆಗೆಯಬೇಕು ಎಂದು ಸೂಚನೆ ಕೊಟ್ಟದ್ದು ಪೇಪರಿನಲ್ಲಿ ಬಂದಿತ್ತು. ಮಳೆಗಾಲ ಅರ್ಧ ಕಳೆಯಿತು, ಕಂಬ ಅಲ್ಲೇ ಇದೆ. ಈ ಗಡುವಿಗೆ ಏನಾದರೂ ಬೆಲೆ ಇದೆಯಾ? ಯಾರನ್ನು ಕೇಳುವುದು?

ಉತ್ತರ: ಬೆಲೆ ಇದೆ. ಆದರೆ ಪೇಪರಿನಲ್ಲಿ ಬಂದ ಮಾತಿಗಲ್ಲ, ಸಭೆಯ ನಡವಳಿಯಲ್ಲಿ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ದಾಖಲೆಯಲ್ಲಿ, ಇರುವ ಸಾಲಿಗೆ. ಇವೆರಡೂ ಎಷ್ಟೋ ಸಲ ಒಂದೇ ಆಗಿರುವುದಿಲ್ಲ. ಹಾಗಾಗಿ ಮೊದಲ ಕೆಲಸ ಆ ನಡವಳಿಯ ಪ್ರತಿ ತರಿಸಿಕೊಂಡು ನಿಮ್ಮ ಕಂಬದ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡುವುದು.

ಮಣಿಪಾಲದ ರಜತಾದ್ರಿಯಲ್ಲಿರುವ ಉಡುಪಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಧಿಕಾರಿಗಳ ಸಭೆಗಳು ಹಲವು ಬಗೆಯವು ನಡೆಯುತ್ತವೆ. ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸಲು ಉಸ್ತುವಾರಿ ಸಚಿವರು ನಡೆಸುವ ಕೆಡಿಪಿ ಸಭೆ ಬೇರೆ, ಕೇಂದ್ರದ ಯೋಜನೆಗಳ ಬಗ್ಗೆ ಸಂಸದರು ನಡೆಸುವ ದಿಶಾ ಸಭೆ ಬೇರೆ. ನೀವು ಹೇಳುತ್ತಿರುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮನ್ವಯ ಸಭೆ ಇರಬೇಕು. ಒಂದು ಇಲಾಖೆಯ ಕೆಲಸ ಇನ್ನೊಂದು ಇಲಾಖೆಯಿಂದಾಗಿ ನಿಂತಿದ್ದರೆ ಅದನ್ನು ಎತ್ತುವ ಜಾಗ ಅದು. ಕಂಬದ ವಿಷಯ ಅಲ್ಲಿಗೆ ಹೋಗುವುದು ಸಹಜ: ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಕಂಬ ಮೆಸ್ಕಾಂನದ್ದು, ಪಕ್ಕದ ಮರ ಅರಣ್ಯ ಇಲಾಖೆಗೆ ಸಂಬಂಧಪಟ್ಟದ್ದು, ಚರಂಡಿ ಪಂಚಾಯತಿನದ್ದು.

ಸಭೆ ಮುಗಿದ ಮೇಲೆ ಕಚೇರಿಯಲ್ಲಿ ಆ ಕಡತ ನೋಡುವ ವಿಷಯ ನಿರ್ವಾಹಕರು ಟಿಪ್ಪಣಿ ನೋಡಿಕೊಂಡು ನಡವಳಿಯ ಕರಡು ತಯಾರಿಸುತ್ತಾರೆ. ಅದು ಮೇಲಿನವರ ಕೈ ದಾಟಿ, ತಿದ್ದುಪಡಿಯಾಗಿ, ಜಿಲ್ಲಾಧಿಕಾರಿಗಳ ಸಹಿಗೆ ಹೋಗುತ್ತದೆ. ಆಮೇಲೆ ಎಲ್ಲ ಇಲಾಖೆಗಳಿಗೂ ಕಳಿಸುತ್ತಾರೆ. ನಡವಳಿಯಲ್ಲಿ ಸಾಮಾನ್ಯವಾಗಿ ಹಾಜರಾದವರ ಪಟ್ಟಿ, ವಿಷಯ, ಚರ್ಚೆ, ಕೊನೆಗೆ "ಕ್ರಮ" ಎಂದು ಬರೆದು ಅಧಿಕಾರಿಯ ಹುದ್ದೆ ಇರುತ್ತದೆ. ಆ "ಕ್ರಮ" ಎನ್ನುವ ಜಾಗವನ್ನು ಮೊದಲು ನೋಡಿ. ಅಲ್ಲಿ ಕಾರ್ಯನಿರ್ವಾಹಕ ಇಂಜಿನಿಯರ್, ಮೆಸ್ಕಾಂ, ಇಂಥ ವಿಭಾಗ ಎಂದಿದ್ದರೆ ಕೇಳಲು ಒಬ್ಬರಿದ್ದಾರೆ. "ಸಂಬಂಧಪಟ್ಟ ಎಲ್ಲಾ ಇಲಾಖೆಗಳು" ಎಂದಿದ್ದರೆ ಯಾರೂ ಇಲ್ಲ ಎಂದೇ ಲೆಕ್ಕ.

ಹಾಜರಾತಿಯನ್ನೂ ಒಮ್ಮೆ ನೋಡಿ. ಇಲಾಖೆಯ ಮುಖ್ಯಸ್ಥರ ಹೆಸರಿನ ಎದುರು "ಪರವಾಗಿ" ಎಂದಿದ್ದರೆ ಅವರು ಕಿರಿಯರನ್ನು ಕಳಿಸಿದ್ದಾರೆ. ಸಭೆಯಲ್ಲಿ "ಆಯ್ತು ಸರ್, ಮಾಡಿಸ್ತೇವೆ" ಎಂದವರು ಆ ಕಿರಿಯರು. ಆ ಕೆಲಸಕ್ಕೆ ಹಣ ಮಂಜೂರು ಮಾಡುವ ಅಧಿಕಾರ ಅವರ ಕೈಯಲ್ಲಿ ಇಲ್ಲದೇ ಇರಬಹುದು.

ಈಗ ಗಡುವಿಗೆ ಬರೋಣ. ನಿಮ್ಮ ನಡವಳಿ ನಾನು ಕಂಡಿಲ್ಲ. ಉದಾಹರಣೆಗೆ ಹೀಗಿತ್ತು ಎಂದಿಟ್ಟುಕೊಳ್ಳಿ:

"ರಸ್ತೆ ಮಧ್ಯದಲ್ಲಿರುವ ವಿದ್ಯುತ್ ಕಂಬಗಳಿಂದ ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವುದನ್ನು ಸಭೆಯ ಗಮನಕ್ಕೆ ತರಲಾಯಿತು. ಸದರಿ ಕಂಬಗಳನ್ನು 15 ದಿನದೊಳಗೆ ಸ್ಥಳಾಂತರಿಸಿ ವರದಿ ನೀಡುವಂತೆ ಸೂಚಿಸಲಾಯಿತು. (ಕ್ರಮ: ಮೆಸ್ಕಾಂ)"

ಓದಲು ಬಿಗಿಯಾಗಿಯೇ ಇದೆ, ಅಲ್ವಾ? ಇದರಲ್ಲಿ ಎರಡು ತೂತು ಇವೆ.

ಒಂದನೆಯದು ದಿನದ ಲೆಕ್ಕ. 15 ದಿನ ಯಾವತ್ತಿನಿಂದ? ಸಭೆ ಮೇ 6ಕ್ಕೆ ನಡೆಯಿತು ಎಂದಿಟ್ಟುಕೊಳ್ಳಿ. ನಡವಳಿಗೆ ಸಹಿ ಬಿದ್ದದ್ದು ಮೇ 19ಕ್ಕೆ. ವಿಭಾಗದ ಕಚೇರಿಗೆ ಬಂದು ತಲುಪಿದ್ದು ಮೇ 22ಕ್ಕೆ. ಸಭೆಯಿಂದ ಎಣಿಸಿದರೆ ಗಡುವು ಮೇ 21ಕ್ಕೇ ಮುಗಿದಿದೆ. ಅಂದರೆ ಕಾಗದ ಕೈಗೆ ಬರುವ ಮೊದಲೇ ಅವಧಿ ಮೀರಿದೆ! ಮುಂದಿನ ಸಭೆಯಲ್ಲಿ ಕೇಳಿದರೆ "ನಡವಳಿ ತಡವಾಗಿ ಬಂತು" ಎನ್ನಲು ಅವಕಾಶ ತಾನಾಗಿ ಸಿಕ್ಕಿತು. ಅದೇ ಜಾಗದಲ್ಲಿ "ಮೇ 31ರೊಳಗೆ" ಎಂದು ತಾರೀಕು ಬರೆದಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ಹಾಗಾಗಿ ನಡವಳಿ ಕೈಗೆ ಬಂದಾಗ ಮೂರು ತಾರೀಕು ಗುರುತು ಹಾಕಿಕೊಳ್ಳಿ: ಸಭೆಯ ದಿನ, ಸಹಿಯ ದಿನ, ರವಾನೆಯ ದಿನ.

ಎರಡನೆಯದು ಇನ್ನೂ ದೊಡ್ಡದು. ಗಡುವು ಕೊಟ್ಟದ್ದು ಮೆಸ್ಕಾಂಗೆ. ಆದರೆ ಕೆಲಸ ನಿಂತಿರುವುದು ಮೆಸ್ಕಾಂನಲ್ಲೇ ಅಂತ ಹೇಳಲಾಗುವುದಿಲ್ಲ. ರಸ್ತೆ ಅಗಲ ಮಾಡುವುದಕ್ಕಾಗಿ ಕಂಬ ಸರಿಸುವುದಾದರೆ ಅದರ ಖರ್ಚು ಸಾಮಾನ್ಯವಾಗಿ ರಸ್ತೆ ಮಾಡುವ ಇಲಾಖೆಯದ್ದು. ದಾರಿ ಹೀಗಿದೆ. ಮೊದಲು ಎರಡೂ ಇಲಾಖೆಯವರು ಸ್ಥಳಕ್ಕೆ ಬಂದು ಜಂಟಿ ಪರಿಶೀಲನೆ ಮಾಡಬೇಕು. ಹೊಸ ಕಂಬ ಎಲ್ಲಿ ನಿಲ್ಲಬೇಕು, ಆ ಜಾಗ ಖಾಸಗಿಯಾ, ತಂತಿ ಯಾವ ತೆಂಗಿನ ಮರಕ್ಕೆ ತಾಗುತ್ತದೆ ಎಂದೆಲ್ಲ ಅಲ್ಲೇ ಗೊತ್ತಾಗುತ್ತದೆ. ನಂತರ ಮೆಸ್ಕಾಂ ಅಂದಾಜು ಪಟ್ಟಿ ತಯಾರಿಸಿ ಕಳಿಸುತ್ತದೆ. ಲೋಕೋಪಯೋಗಿ ಇಲಾಖೆ ಆ ಹಣವನ್ನು ಯಾವ ಲೆಕ್ಕದಿಂದ ಕೊಡುವುದು ಎಂದು ನೋಡಿ ಕಟ್ಟಬೇಕು. ಕೊನೆಗೆ ಲೈನ್ ಕ್ಲಿಯರ್ ತೆಗೆದುಕೊಂಡು, ಅಂದರೆ ಆ ಲೈನಿನ ಕರೆಂಟ್ ನಿಲ್ಲಿಸಿ, ಕಂಬ ಬದಲಾಯಿಸುವುದು. ಕಡೆಯ ಈ ಕೆಲಸಕ್ಕೆ ಹೆಚ್ಚು ದಿನ ಬೇಡ. ತಡವಾಗುವುದೆಲ್ಲ ಅದಕ್ಕೂ ಮೊದಲು.

ರಸ್ತೆಯ ಮೂಲ ಅಂದಾಜಿನಲ್ಲೇ ಕಂಬ ಸ್ಥಳಾಂತರಕ್ಕೆ ಹಣ ಇಟ್ಟಿದ್ದರೆ ಸಲೀಸು. ಇಡದೇ ಡಾಂಬರು ಹಾಕಿಬಿಟ್ಟರೆ ನಿಮ್ಮೂರಿನ ಹಾಗೆ ಆಗುತ್ತದೆ. ಗುತ್ತಿಗೆದಾರರು ಬಿಲ್ ಮಾಡಿಕೊಂಡು ಹೋದರು, ಕಂಬಕ್ಕೆ ಹಣ ಹುಡುಕುವುದು ಮಾತ್ರ ಉಳಿಯಿತು.

ಇದನ್ನು ಅರಿತು ಬರೆದ ನಡವಳಿ ಒಂದೇ ಗಡುವು ಕೊಡುವುದಿಲ್ಲ. ಮೇ 12ಕ್ಕೆ ಇಬ್ಬರೂ ಸ್ಥಳ ಪರಿಶೀಲಿಸಬೇಕು, ಮೇ 18ರೊಳಗೆ ಮೆಸ್ಕಾಂ ಅಂದಾಜು ಪಟ್ಟಿ ಕೊಡಬೇಕು, ಮೇ 25ರೊಳಗೆ ಲೋಕೋಪಯೋಗಿ ಇಲಾಖೆ ಹಣ ಕಟ್ಟಬೇಕು, ಕಟ್ಟಿದ ಮೇಲೆ ಇಷ್ಟು ದಿನದಲ್ಲಿ ಕಂಬ ಸರಿಸಬೇಕು ಎಂದು ಬಿಡಿಸಿ ಬರೆಯುತ್ತದೆ. ಆಗ ಎಲ್ಲಿ ನಿಂತಿತು ಎಂದು ಹುಡುಕಬೇಕಾಗಿಲ್ಲ. ಯಾವ ತಾರೀಕು ತಪ್ಪಿತೋ ಅವರೇ ಉತ್ತರ ಕೊಡಬೇಕು. ನಮ್ಮ ಕರಾವಳಿಯಲ್ಲಿ ಇದು ಇನ್ನೂ ಮುಖ್ಯ. ಜೂನ್ ಶುರುವಾದರೆ ಡಾಂಬರು ಹಾಕುವ ಹಾಗಿಲ್ಲ, ಗುಂಡಿ ತೋಡಿದರೆ ನೀರು ತುಂಬುತ್ತದೆ, ಗಾಳಿ ಮಳೆಗೆ ಮುರಿದ ಕಂಬ ಸರಿ ಮಾಡುವುದರಲ್ಲೇ ಲೈನ್‌ಮ್ಯಾನ್‌ಗಳು ಮುಳುಗಿರುತ್ತಾರೆ. ಮೇ ತಪ್ಪಿದ ಕೆಲಸ ಅಕ್ಟೋಬರಿಗೆ ಹೋಗುತ್ತದೆ.

ಗಡುವು ಮೀರಿದರೆ ಏನಾಗುತ್ತದೆ? ಮುಂದಿನ ಸಭೆಗೆ ಮೊದಲು ಪ್ರತಿ ಇಲಾಖೆ ಅನುಪಾಲನಾ ವರದಿ ಕೊಡಬೇಕು. ಹಿಂದಿನ ಸಭೆಯಲ್ಲಿ ಹೇಳಿದ್ದು ಎಷ್ಟಾಯಿತು ಎನ್ನುವ ಲೆಕ್ಕ ಅದು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಡಗಿರುವುದು ಇಲ್ಲಿಯೇ. "ಅಂದಾಜು ಪಟ್ಟಿಯನ್ನು ಇಂಥ ದಿನ ಲೋಕೋಪಯೋಗಿ ಇಲಾಖೆಗೆ ಕಳಿಸಲಾಗಿದೆ, ಹಣ ಪಾವತಿ ಬಾಕಿ" ಎಂದಿದ್ದರೆ ಅದು ಉತ್ತರ. ಚೆಂಡು ಯಾರ ಅಂಗಳದಲ್ಲಿದೆ ಎಂದು ತಿಳಿಯಿತು. "ಪ್ರಗತಿಯಲ್ಲಿದೆ", "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ" ಎಂದಿದ್ದರೆ ಸುಮ್ನೆ ಜಾಗ ತುಂಬಿಸಿದ್ದಾರೆ. ಎರಡು ಸಭೆಯ ವರದಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಂದೇ ವಾಕ್ಯ ಮತ್ತೆ ಬಂದಿದ್ದರೆ ನಡುವೆ ಏನೂ ಆಗಿಲ್ಲ. ಮೂರನೇ ಸಭೆಯ ನಡವಳಿಯಲ್ಲಿ ಆ ವಿಷಯವೇ ಕಾಣದಿದ್ದರೆ ಇನ್ನೂ ಕೆಟ್ಟದ್ದು. ಮುಗಿದು ಕೈಬಿಟ್ಟರೋ, ಮುಗಿಯದೇ ಬಿದ್ದುಹೋಯಿತೋ ಎಂದು ಕೇಳಲೇಬೇಕು.

ಶಿಕ್ಷೆ ಇಲ್ಲವಾ ಎಂದು ನೀವು ಕೇಳಬಹುದು. ನಡವಳಿ ಎನ್ನುವುದು ಆಡಳಿತದ ಸೂಚನೆ, ಕೋರ್ಟಿನ ಆದೇಶದ ಹಾಗಲ್ಲ. ಅದನ್ನು ಪಾಲಿಸದವರಿಗೆ ನೋಟಿಸ್ ಕೊಡಬಹುದು, ಅವರ ಮೇಲಧಿಕಾರಿಗಳಿಗೆ ಬರೆಯಬಹುದು. ಮೆಸ್ಕಾಂ ಒಂದು ಕಂಪನಿ, ಅದರ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66ರ ವಿಷಯವಾದರೆ ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು. ಇವರ ಬಡ್ತಿ, ವರ್ಗಾವಣೆ ಯಾವುದೂ ಜಿಲ್ಲಾಧಿಕಾರಿಗಳ ಕೈಯಲ್ಲಿ ಇಲ್ಲ.

ಆದರೆ ಅಪಾಯದ ವಿಷಯವಾದರೆ ಜಿಲ್ಲಾಧಿಕಾರಿಗಳ ಕೈ ಬಲವಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಅವರೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ವಿಪತ್ತು ತಡೆಯಲು ಬೇಕಾದ ಕ್ರಮವನ್ನು ಜಿಲ್ಲಾ ಮಟ್ಟದ ಯಾವುದೇ ಅಧಿಕಾರಿ ಅಥವಾ ಇಲಾಖೆಗೆ ಆದೇಶಿಸಲು 33ನೇ ಕಲಂ ಪ್ರಾಧಿಕಾರಕ್ಕೆ ಅಧಿಕಾರ ಕೊಡುತ್ತದೆ. ಆದೇಶ ಪಡೆದವರು ಅದನ್ನು ಪಾಲಿಸಲೇಬೇಕು. ರಸ್ತೆಗೆ ಬಾಗಿದ ಮರ, ಬೀಳುವ ಹಾಗಿರುವ ಗೋಡೆಯಂಥದ್ದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಕಲಂ ಆಗಿತ್ತು. ಇವೆಲ್ಲ ಪ್ರತ್ಯೇಕ ಆದೇಶ, ಪ್ರತ್ಯೇಕ ಸಂಖ್ಯೆ. ನಡವಳಿಯ ಒಂದು ಸಾಲು ತಾನಾಗಿ ಅಂಥ ಆದೇಶ ಆಗುವುದಿಲ್ಲ. ನಿಮ್ಮ ಕಂಬ ಬುಡ ಸಡಿಲಾಗಿ ಬಾಗಿದ್ದರೆ ಅರ್ಜಿಯಲ್ಲಿ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ, ಫೋಟೋ ಇಡಿ. ನೆಟ್ಟಗಿದ್ದು ದಾರಿಗೆ ಅಡ್ಡ ಮಾತ್ರ ಆಗಿದ್ದರೆ ಸಮನ್ವಯದ ದಾರಿಯೇ ದಾರಿ.

ಈಗ ಕಾಗದ ತರಿಸಿಕೊಳ್ಳುವುದು. ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕಂಬದ ಜೊತೆ ಚರಂಡಿಯನ್ನೂ ಬೀದಿ ದೀಪವನ್ನೂ ಸೇರಿಸಬೇಡಿ. "ಯಾಕೆ ಮಾಡಿಲ್ಲ" ಎಂದೂ ಕೇಳಬೇಡಿ. ಯಾಕೆ ಎನ್ನುವುದು ದಾಖಲೆಯಲ್ಲಿ ಇರುವುದಿಲ್ಲ, ಹಾಗಾಗಿ ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. ಹೀಗೆ ಬರೆದರೆ ಸಾಕು:

"ಇಂಥ ದಿನ ನಡೆದ ಜಿಲ್ಲಾ ಮಟ್ಟದ ಅಧಿಕಾರಿಗಳ ಸಮನ್ವಯ ಸಭೆಯ ನಡವಳಿ, ಅದನ್ನು ಇಲಾಖೆಗಳಿಗೆ ರವಾನಿಸಿದ ಪತ್ರ, ಹಾಗೂ ಇಂಥ ಊರಿನ ವಿದ್ಯುತ್ ಕಂಬ ಸ್ಥಳಾಂತರದ ಬಗ್ಗೆ ಮೆಸ್ಕಾಂ ಮತ್ತು ಲೋಕೋಪಯೋಗಿ ಇಲಾಖೆಯಿಂದ ಈವರೆಗೆ ಬಂದಿರುವ ಅನುಪಾಲನಾ ವರದಿಗಳ ದೃಢೀಕೃತ ಪ್ರತಿಗಳನ್ನು ಕೊಡಿ."

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಅರ್ಧಂಬರ್ಧ ಇದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು.

ವರದಿ ಕೈಗೆ ಬಂದ ಮೇಲೆ ಹಣ ಕಟ್ಟುವುದು ಬಾಕಿ ಎಂದು ಕಂಡರೆ ಮೆಸ್ಕಾಂ ಶಾಖಾ ಕಚೇರಿಗೆ ಅಲೆದು ಪ್ರಯೋಜನ ಇಲ್ಲ. ಲೋಕೋಪಯೋಗಿ ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರರಿಗೆ, ಅಂದಾಜು ಪಟ್ಟಿಯ ಪತ್ರ ಸಂಖ್ಯೆ ಮತ್ತು ತಾರೀಕು ಹಾಕಿ, ಹಣ ಯಾವತ್ತು ಕಟ್ಟುತ್ತೀರಿ ಎಂದು ಬರೆಯಿರಿ. ಅದರ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು, ಮುಂದಿನ ಸಮನ್ವಯ ಸಭೆಯ ಕಾರ್ಯಸೂಚಿಗೆ ಸೇರಿಸಿ ಎಂದು ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಭೆಯ ಸೂಚನಾ ಪತ್ರ ಹೊರಟ ಮೇಲೆ ಕೊಟ್ಟರೆ ಅದು ಇನ್ನೊಂದು ಸಭೆಗೆ ಹೋಗುತ್ತದೆ. ಆದ್ದರಿಂದ ಮುಂದಿನ ಸಭೆ ಯಾವಾಗ ಎಂದು ಟಪಾಲು ಕೊಡುವಾಗಲೇ ವಿಚಾರಿಸಿಬಿಡಿ.