ಶ್ವಾಸಕೋಶದ ತುದಿಗೆ ರಕ್ತ ಹೋಗೋದೇ ಇಲ್ವಾ?

ಪ್ರಶ್ನೆ: ಡಾಕ್ಟ್ರೇ, ನಾನು ನರ್ಸಿಂಗ್ ಓದ್ತಾ ಇದೀನಿ. ಊರು ತೀರ್ಥಹಳ್ಳಿ ಹತ್ರ. ನಿಂತಾಗ ಶ್ವಾಸಕೋಶದ ತುದಿಗೆ ರಕ್ತವೇ ಹರಿಯಲ್ಲ ಅನ್ನೋ ಹಾಗೆ ಪುಸ್ತಕದಲ್ಲಿ ಚಿತ್ರ ಇದೆ. ನಿಜವಾ? ಗುಡ್ಡದ ಮೇಲಿರೋ ನಮಗೆ ಇನ್ನೂ ಕಡಿಮೆಯಾ?

ಉತ್ತರ: ಆರೋಗ್ಯವಂತರಲ್ಲಿ ತುದಿಗೂ ರಕ್ತ ಹೋಗುತ್ತದೆ. ಬುಡಕ್ಕಿಂತ ತುಂಬಾ ಕಡಿಮೆ, ಅಷ್ಟೇ. ಗುಡ್ಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಊರು ಎತ್ತರದಲ್ಲಿದ್ದರೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ನಿಜ. ಆದರೆ ಅದು ಗಾಳಿಗೂಡಿಗೂ ರಕ್ತನಾಳಕ್ಕೂ ಒಂದೇ ಸಮ ಇಳಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಅವುಗಳ ನಡುವಿನ ವ್ಯತ್ಯಾಸ ಮಾತ್ರ.

ಗಾಳಿಗೂಡುಗಳ ಗೋಡೆಯಲ್ಲಿ ಓಡುವ ಲೋಮನಾಳಗಳು ತುಂಬಾ ಮೆತ್ತಗಿರುತ್ತವೆ. ತೋಟಕ್ಕೆ ನೀರು ಬಿಡುವ ಚಪ್ಪಟೆ ಪೈಪನ್ನು ನೆನಪಿಸಿಕೊಳ್ಳಿ. ಒಳಗೆ ನೀರಿನ ಒತ್ತಡ ಇದ್ದರೆ ಉಬ್ಬುತ್ತದೆ, ಹೊರಗಿನಿಂದ ಅದಕ್ಕಿಂತ ಜಾಸ್ತಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಇಲ್ಲಿ ಹೊರಗಿನಿಂದ ಒತ್ತುವುದು ಗಾಳಿಗೂಡಿನ ಗಾಳಿ. ಒಳಗೆ ರಕ್ತ ತರುವ ಅಪಧಮನಿಯ ಒತ್ತಡ ಒಂದು ತುದಿಯಲ್ಲಿ, ಒಯ್ಯುವ ಅಭಿಧಮನಿಯ ಒತ್ತಡ ಇನ್ನೊಂದು ತುದಿಯಲ್ಲಿ. ಈ ಮೂರರಲ್ಲಿ ಯಾವುದು ದೊಡ್ಡದು ಅನ್ನುವುದರ ಮೇಲೆ ಶ್ವಾಸಕೋಶವನ್ನು ಮೂರು ವಲಯ ಮಾಡಬಹುದು ಅಂತ ಜಾನ್ ವೆಸ್ಟ್ ಮತ್ತು ಸಂಗಡಿಗರು 1964ರಲ್ಲಿ ತೋರಿಸಿದರು.

ಈಗ ಲೆಕ್ಕ ಮಾಡೋಣ. ನಿಂತಿರುವ ವಯಸ್ಕರ ಹೃದಯದ ಮಟ್ಟದಲ್ಲಿ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ ಸುಮಾರು 20 ಸೆಂ.ಮೀ. ನೀರು, ಅಭಿಧಮನಿಯದು 8 ಅಂತಿಟ್ಟುಕೊಳ್ಳಿ. ಗಾಳಿಯದು ಸೊನ್ನೆ. ಒಂದು ಸೆಂ.ಮೀ. ಮೇಲೆ ಹೋದರೆ ರಕ್ತದ ಒತ್ತಡ ಹೆಚ್ಚುಕಡಿಮೆ ಒಂದು ಇಳಿಯುತ್ತದೆ. ತುದಿ ಹೃದಯಕ್ಕಿಂತ 15 ಸೆಂ.ಮೀ. ಮೇಲಿದ್ದರೆ ಅಲ್ಲಿ ಅಪಧಮನಿಯಲ್ಲಿ 5, ಅಭಿಧಮನಿಯಲ್ಲಿ ಮೈನಸ್ 7. ಐದು ಸೊನ್ನೆಗಿಂತ ಜಾಸ್ತಿ, ಅಲ್ವಾ? ಹಾಗಾಗಿ ರಕ್ತ ಹರಿಯುತ್ತದೆ. ಇದು ಎರಡನೇ ವಲಯ. ಸರಾಸರಿ ಐದಾದರೂ, ಎರಡು ಬಡಿತಗಳ ನಡುವೆ ಒತ್ತಡ ಇಳಿದಾಗ ತುದಿಯಲ್ಲಿ ಹರಿವು ಒಂದು ಕ್ಷಣ ನಿಂತು ಮತ್ತೆ ಬರುವುದೂ ಉಂಟು.

ಎರಡನೇ ವಲಯದ ಹರಿವು ನಮ್ಮ ಜೋಗದ ಹಾಗೆ. ಜೋಗದಲ್ಲಿ ಎಷ್ಟು ನೀರು ಬೀಳುತ್ತದೆ ಅನ್ನುವುದು ಲಿಂಗನಮಕ್ಕಿಯಿಂದ ಎಷ್ಟು ಬಿಟ್ಟರು, ಮಳೆ ಎಷ್ಟು ಬಂತು ಅನ್ನುವುದರ ಮೇಲೆ ನಿಂತಿದೆ. ಕೆಳಗಿನ ಗುಂಡಿ ಇನ್ನೂ ಆಳ ಆದರೆ ಬೀಳುವ ನೀರು ಜಾಸ್ತಿ ಆಗುವುದಿಲ್ಲ. ಹಾಗೆಯೇ ಇಲ್ಲಿ ಅಪಧಮನಿ ಮತ್ತು ಗಾಳಿಯ ವ್ಯತ್ಯಾಸವೇ ಹರಿವನ್ನು ತೀರ್ಮಾನಿಸುತ್ತದೆ. ಅಭಿಧಮನಿಯ ಒತ್ತಡ ಮೈನಸ್ ಎರಡಿದ್ದರೂ ಅಷ್ಟೇ, ಮೈನಸ್ ಏಳಿದ್ದರೂ ಅಷ್ಟೇ.

ಹೃದಯಕ್ಕಿಂತ 8 ಸೆಂ.ಮೀ. ಮೇಲಿನಿಂದ ಕೆಳಕ್ಕೆ ಅಭಿಧಮನಿಯ ಒತ್ತಡವೂ ಗಾಳಿಯದನ್ನು ಮೀರುತ್ತದೆ. ಅದು ಮೂರನೇ ವಲಯ. ನಾಳ ಪೂರ್ತಿ ತೆರೆದಿರುತ್ತದೆ, ಕೆಳಗೆ ಹೋದಷ್ಟೂ ಉಬ್ಬುತ್ತದೆ, ಹರಿವೂ ಏರುತ್ತದೆ.

ಗಾಳಿಯದೇ ದೊಡ್ಡದಾಗಿ ನಾಳ ಮುಚ್ಚಿಹೋಗುವುದು ಮೊದಲನೇ ವಲಯ. ನಿಮ್ಮ ಪುಸ್ತಕದ ಚಿತ್ರ ಅದನ್ನೇ ತೋರಿಸುತ್ತದೆ. ಇದನ್ನು ನೀವು ಐಸಿಯುನಲ್ಲಿ ಕಾಣುತ್ತೀರಿ, ಅದಕ್ಕೇ ಹೇಳುತ್ತೇನೆ.

ಅಡಿಕೆ ಮರದಿಂದ ಬಿದ್ದು ತುಂಬಾ ರಕ್ತ ಹೋದ ಒಬ್ಬರನ್ನು ತಗೊಳ್ಳೋಣ. ಅಪಧಮನಿಯ ಒತ್ತಡ 20ರಿಂದ 14ಕ್ಕೆ ಇಳಿದಿದೆ. ಮಂಚದ ತಲೆಭಾಗ ಎತ್ತಿದೆ, ಶ್ವಾಸಕೋಶದ ಮೇಲ್ಭಾಗ ಹೃದಯಕ್ಕಿಂತ 12 ಸೆಂ.ಮೀ. ಮೇಲಿದೆ. ಅಲ್ಲಿ ಉಳಿದದ್ದು ಬರೀ 2. ವೆಂಟಿಲೇಟರ್‌ನಲ್ಲಿ ಪೀಪ್ 10 ಇಟ್ಟರೆ, ಉಸಿರು ಬಿಟ್ಟ ಮೇಲೂ ಗಾಳಿಗೂಡಿನಲ್ಲಿ 10 ನಿಲ್ಲುತ್ತದೆ. ಹೃದಯಕ್ಕಿಂತ 4 ಸೆಂ.ಮೀ. ಮೇಲಿನಿಂದ ತುದಿಯವರೆಗೆ ನಾಳಗಳು ಮುಚ್ಚುತ್ತವೆ. ಪೀಪ್ ಎದೆಯೊಳಗಿನ ನಾಳಗಳ ಒತ್ತಡವನ್ನೂ ಸ್ವಲ್ಪ ಏರಿಸುವುದರಿಂದ ಈ 4 ಒಂದು ಅಂದಾಜು.

ಆ ಭಾಗಕ್ಕೆ ಗಾಳಿ ಹೋಗುತ್ತದೆ, ಬರುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ಕೊಡಲು ರಕ್ತ ಇಲ್ಲ. ಆ ಖಾಲಿ ಗಾಳಿ ಬೆರೆತು ಮಾನಿಟರ್‌ನಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ 24 ಅಂತ ತೋರಿಸುತ್ತದೆ. ಅದನ್ನು ನೋಡಿ ಉಸಿರು ಜಾಸ್ತಿ ಆಯ್ತು ಅಂದುಕೊಂಡು ವೆಂಟಿಲೇಟರ್ ಕಡಿಮೆ ಮಾಡಿದರೆ ತಪ್ಪಾಗುತ್ತದೆ. ಕೈಯ ಅಪಧಮನಿಯ ರಕ್ತ ತೆಗೆದು ನೋಡಿದರೆ ಅದರಲ್ಲಿ 42 ಇರುತ್ತದೆ. ಸಾಮಾನ್ಯವಾಗಿ ಈ ಎರಡರ ಅಂತರ 2ರಿಂದ 5 ಮಿ.ಮೀ. ಪಾದರಸ. ಇಲ್ಲಿ 18.

ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಡ ಬಂದರೂ ಅಂತರ ಹೀಗೇ ಹಿಗ್ಗುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟಿರಬೇಕು. ಆದರೆ ರಕ್ತ ಕೊಟ್ಟು, ಆಕ್ಸಿಜನ್ ನೋಡಿಕೊಂಡು ಪೀಪ್ ಅನ್ನು 5ಕ್ಕೆ ಇಳಿಸಿದ ಮೇಲೆ ಅಂತರ ಕುಗ್ಗುತ್ತಾ ಬಂದರೆ, ಮುಚ್ಚಿದ್ದ ಮೇಲ್ಭಾಗಕ್ಕೆ ರಕ್ತ ಮತ್ತೆ ಏರುತ್ತಿದೆ ಅಂತ ತಿಳಿಯಬಹುದು.