ಕ್ರೀಡಾಪಟುವಿನ ಇಸಿಜಿ: ಒಂದೇ ಪಟ್ಟಿಯನ್ನು ಎರಡು ಬಾರಿ ಓದುವುದು

ಸುಮಾರು 22 ವರ್ಷದ ದೂರ ಓಟಗಾರನೊಬ್ಬನ ಇಸಿಜಿ ನಮ್ಮ ಮುಂದಿದೆ ಎಂದುಕೊಳ್ಳೋಣ. ಆತನಿಗೆ ಯಾವ ತೊಂದರೆಯೂ ಇಲ್ಲ. ತಂಡಕ್ಕೆ ಸೇರುವ ಮುನ್ನ ಮಾಡುವ ತಪಾಸಣೆಗಾಗಿ ಬಂದಿದ್ದಾನೆ. ಯಂತ್ರವು ಪಟ್ಟಿಯ ಮೇಲ್ಭಾಗದಲ್ಲಿ ಹೃದಯ ಬಡಿತ ನಿಧಾನ, ಪಿಆರ್ ಅಂತರ ದೀರ್ಘ, ಎಡ ಹೃತ್ಕುಕ್ಷಿಯ ಹಿಗ್ಗುವಿಕೆ ಎಂದು ಮುದ್ರಿಸಿ, ಕೊನೆಗೆ ‘ಅಸಹಜ’ ಎಂದು ಷರಾ ಬರೆದಿದೆ. ಆ ಷರಾವನ್ನು ಸದ್ಯಕ್ಕೆ ಬೆರಳಿನಿಂದ ಮುಚ್ಚಿಕೊಂಡು ಅಲೆಗಳನ್ನು ನಾವೇ ಅಳೆಯುವುದು ಒಳ್ಳೆಯದು. ಯಂತ್ರದ ಅಳತೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆದರೆ ಎದುರಿಗೆ ಮಲಗಿರುವವನು ವಾರಕ್ಕೆ ಎಷ್ಟು ಗಂಟೆ ಓಡುತ್ತಾನೆ ಎಂಬುದು ಅದಕ್ಕೆ ತಿಳಿದಿರುವುದಿಲ್ಲ.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡಿದೆ, ಅಂದರೆ ಒಂದು ಚಿಕ್ಕ ಚೌಕ 40 ಮಿಲಿಸೆಕೆಂಡಿಗೆ ಸಮ. ಒಂದು ಆರ್ ಅಲೆಯಿಂದ ಮುಂದಿನ ಆರ್ ಅಲೆಯವರೆಗೆ 36 ಚಿಕ್ಕ ಚೌಕಗಳಿವೆ; 1500ನ್ನು 36ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಬಡಿತ ಬರುತ್ತದೆ. ಪ್ರತಿ ಕ್ಯೂಆರ್‌ಎಸ್‌ಗೆ ಮುಂಚೆ ಸಹಜ ಆಕಾರದ ಪಿ ಅಲೆ ಇದೆ. ನಿರಂತರ ತರಬೇತಿಯಿಂದ ವಿಶ್ರಾಂತಿಯಲ್ಲಿ ವಾಗಸ್ ನರದ ಹಿಡಿತ ಬಿಗಿಯಾಗುತ್ತದೆ, ಜೊತೆಗೆ ಸೈನಸ್ ನೋಡ್‌ನ ಸ್ವಂತ ಗತಿಯೂ ತಗ್ಗುತ್ತದೆ ಎಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆಧಾರ ಸಿಕ್ಕಿದೆ. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತೊಂದರೆಯಿಲ್ಲದ ಕ್ರೀಡಾಪಟುವಿನಲ್ಲಿ ನಿಮಿಷಕ್ಕೆ 30ರವರೆಗಿನ ಸೈನಸ್ ಬಡಿತ ಸಹಜ. ಅದಕ್ಕಿಂತ ಕೆಳಗಿಳಿದರೆ ಹೆಚ್ಚಿನ ವಿಚಾರಣೆ ಬೇಕು.

ಪಿಆರ್ ಅಂತರ 6 ಚಿಕ್ಕ ಚೌಕ, ಅಂದರೆ 240 ಮಿಲಿಸೆಕೆಂಡು. ಸಾಮಾನ್ಯ ಮಿತಿಯಾದ 200ನ್ನು ಇದು ದಾಟಿದೆ, ಆದರೆ ಕ್ರೀಡಾಪಟುವಿಗೆ ಅಸಹಜವೆನಿಸಲು 400 ಮುಟ್ಟಬೇಕು. ಇದಕ್ಕೂ ಕಾರಣ ಅದೇ ವಾಗಸ್ ನರ. ಕೆಲವೊಮ್ಮೆ ಈ ನಿಧಾನ ಇನ್ನೊಂದು ಹೆಜ್ಜೆ ಮುಂದುವರಿದು, ಪಿಆರ್ ಉದ್ದವಾಗುತ್ತಾ ಹೋಗಿ ಒಂದು ಬಡಿತ ಬಿಟ್ಟುಹೋಗುವುದುಂಟು. ಇದೇ ಮೋಬಿಟ್ಜ್ ಒಂದನೆಯ ಬಗೆ, ಇದೂ ಸಹಜದ ಪಟ್ಟಿಯಲ್ಲೇ ಇದೆ. ಕಲಿಯುವವರು ಎಡವುವುದು ಇಲ್ಲಿಯೇ. ಕ್ರೀಡಾಪಟುವಿನಲ್ಲಿ ಪಿಆರ್ ಬಡಿತದಿಂದ ಬಡಿತಕ್ಕೆ ಕೂದಲೆಳೆಯಷ್ಟೇ ಹೆಚ್ಚುತ್ತಿದ್ದರೆ ಕಣ್ಣಿಗೆ ಎಲ್ಲವೂ ಸಮಾನವಾಗಿ ಕಂಡು, ಅಪಾಯಕಾರಿಯಾದ ಎರಡನೆಯ ಬಗೆಯೆಂದು ಬರೆದುಬಿಡುತ್ತೇವೆ. ಹಾಗಾಗಿ ಬಿಟ್ಟುಹೋದ ಬಡಿತದ ಹಿಂದಿನ ಪಿಆರ್ ಮತ್ತು ಅದರ ಮರುಬಡಿತದ ಪಿಆರ್ ಇವೆರಡನ್ನೇ ಪಕ್ಕಪಕ್ಕ ಅಳೆಯಬೇಕು. ಮರುಬಡಿತದ್ದು ಸ್ಪಷ್ಟವಾಗಿ ಚಿಕ್ಕದಾಗಿದ್ದರೆ ಅದು ಒಂದನೆಯ ಬಗೆ. ಅನುಮಾನ ಉಳಿದರೆ ಆತನನ್ನು ಎಬ್ಬಿಸಿ ಸ್ವಲ್ಪ ಹೊತ್ತು ಬಸ್ಕಿ ಹೊಡೆಸಿ, ತಕ್ಷಣ ಇನ್ನೊಂದು ಪಟ್ಟಿ ತೆಗೆಯಬಹುದು: ವಾಗಸ್ ಹಿಡಿತ ಸಡಿಲವಾದಂತೆ ಬಡಿತ ಏರಿ, ಪಿಆರ್ ಕುಗ್ಗಿ, ಬಡಿತ ತಪ್ಪುವುದು ನಿಲ್ಲುತ್ತದೆ. ಶ್ರಮದಿಂದ ತಡೆ ಇನ್ನಷ್ಟು ಹೆಚ್ಚಿದರೆ ಅದನ್ನು ತರಬೇತಿಯ ಲೆಕ್ಕಕ್ಕೆ ಹಾಕುವಂತಿಲ್ಲ.

ಕ್ಯೂಟಿ ಅಂತರ 12 ಚಿಕ್ಕ ಚೌಕ, 480 ಮಿಲಿಸೆಕೆಂಡು. ಈ ಸಂಖ್ಯೆಯನ್ನು ಕಂಡು ಗಾಬರಿಯಾಗುವ ಮೊದಲು ಬಡಿತಕ್ಕೆ ತಕ್ಕಂತೆ ಸರಿಪಡಿಸಬೇಕು. ಆರ್‌ಆರ್ ಅಂತರ 1.44 ಸೆಕೆಂಡು, ಅದರ ವರ್ಗಮೂಲ 1.2, 480ನ್ನು ಅದರಿಂದ ಭಾಗಿಸಿದರೆ ಬ್ಯಾಜೆಟ್ ಸೂತ್ರದಂತೆ 400 ಬರುತ್ತದೆ. ಪುರುಷರಲ್ಲಿ 470, ಮಹಿಳೆಯರಲ್ಲಿ 480 ಅಥವಾ ಅದಕ್ಕೂ ಹೆಚ್ಚಾದರೆ ಮಾತ್ರ ಅಸಹಜ. ಆದರೆ ಈ ಸೂತ್ರ ಬಡಿತ ತೀರಾ ನಿಧಾನವಾದಾಗ ನಿಜಕ್ಕಿಂತ ಕಡಿಮೆ ಮೌಲ್ಯ ಕೊಡುತ್ತದೆ. ಆದ್ದರಿಂದ ಬಡಿತ 50ಕ್ಕಿಂತ ಕೆಳಗಿದ್ದು ಲೆಕ್ಕ ಗಡಿಯ ಹತ್ತಿರ ಬಂದರೆ, ಸ್ವಲ್ಪ ವ್ಯಾಯಾಮ ಮಾಡಿಸಿ ಮತ್ತೆ ಅಳೆಯುವುದು ಸರಿಯಾದ ಕ್ರಮ.

ಇನ್ನು ಎತ್ತರದ ಪ್ರಶ್ನೆ. ವಿ1ರಲ್ಲಿ ಎಸ್ ಅಲೆಯ ಆಳ 18 ಮಿಲಿಮೀಟರ್, ವಿ5ರಲ್ಲಿ ಆರ್ ಅಲೆಯ ಎತ್ತರ 27, ಕೂಡಿದರೆ 45. ಸೊಕೊಲೊವ್-ಲಯಾನ್ ಅಳತೆಗೋಲಿನ 35ರ ಮಿತಿಯನ್ನು ಇದು ಬಹಳಷ್ಟು ಮೀರಿದೆ, ಯಂತ್ರ ಬರೆದದ್ದೂ ಇದರ ಮೇಲೆಯೇ. ಹೃತ್ಕುಕ್ಷಿ ತರಬೇತಿಗೆ ಹೊಂದಿಕೊಂಡು ಹಿಗ್ಗಿರುವುದು, ಎದೆಯ ಗೋಡೆ ತೆಳುವಾಗಿರುವುದು, ಇವೆರಡೂ ಅಲೆಯನ್ನು ಎತ್ತರಿಸುತ್ತವೆ. ಸ್ನಾಯು ರೋಗದಿಂದಾಗಿ ಗೋಡೆ ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ಎತ್ತರದ ಅಲೆ ಒಂಟಿಯಾಗಿ ಬರುವುದು ಅಪರೂಪ. ಅದರ ಜೊತೆಗೆ ತಲೆಕೆಳಗಾದ ಟಿ ಅಲೆ, ಕುಸಿದ ಎಸ್‌ಟಿ ಭಾಗ ಅಥವಾ ಆಳವಾದ ಕ್ಯೂ ಅಲೆ ಇರುವುದೇ ಹೆಚ್ಚು. ಆದುದರಿಂದ ಎತ್ತರವನ್ನು ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಅದು ಎಷ್ಟು ಎಂಬುದಲ್ಲ, ಅದರ ಜೊತೆಗೆ ಇನ್ನೇನಿದೆ ಎಂಬುದು.

ಜೊತೆಗಿರುವುದನ್ನೇ ಈಗ ನೋಡೋಣ. ವಿ3ರಿಂದ ವಿ5ರವರೆಗೆ ಜೆ ಬಿಂದು 2 ಮಿಲಿಮೀಟರ್ ಮೇಲೆದ್ದಿದೆ, ಎಸ್‌ಟಿ ಭಾಗ ಬಟ್ಟಲಿನಂತೆ ತಗ್ಗಿ ಮೇಲೇರಿ ಎತ್ತರವಾದ ನೆಟ್ಟಗಿನ ಟಿ ಅಲೆಯಲ್ಲಿ ಸೇರಿಕೊಳ್ಳುತ್ತದೆ. ಅರ್ಲಿ ರೀಪೋಲರೈಸೇಶನ್ ಎಂದು ಕರೆಯುವ ಈ ಚಿತ್ರ ತರಬೇತಿ ಪಡೆದ ಯುವಕರಲ್ಲಿ ತೀರಾ ಸಾಮಾನ್ಯ. ವಿ1ರಲ್ಲಿ ಕ್ಯೂಆರ್‌ಎಸ್ ಮೊಲದ ಕಿವಿಯಂತೆ ಸೀಳಿದ್ದರೂ ಅಗಲ 100 ಮಿಲಿಸೆಕೆಂಡು ಮಾತ್ರ. ಬಲ ಬಂಡಲ್‌ನ ಈ ಅಪೂರ್ಣ ತಡೆಯೂ ಸಹಜ. (ಎದೆಯ ಮೇಲಿನ ವಿ1, ವಿ2 ಎಲೆಕ್ಟ್ರೋಡುಗಳನ್ನು ಒಂದು ಪಕ್ಕೆಲುಬಿನಷ್ಟು ಮೇಲೆ ಅಂಟಿಸಿದರೂ ಇದೇ ಆಕಾರ ಮೂಡುವುದರಿಂದ, ಮೊದಲು ಅವುಗಳ ಜಾಗವನ್ನು ನೋಡುವುದು ವಾಸಿ.) ಹೀಗೆ ಇಡೀ ಪಟ್ಟಿಯಲ್ಲಿ ತರಬೇತಿಯಿಂದ ವಿವರಿಸಲಾಗದ್ದು ಯಾವುದೂ ಇಲ್ಲ, ಓಟಗಾರನಿಗೆ ಎಕೋ ಕೂಡ ಬೇಕಿಲ್ಲ.

ಈಗ ಅದೇ ಪಟ್ಟಿಯಲ್ಲಿ ಒಂದೇ ಒಂದು ಬದಲಾವಣೆ ಮಾಡೋಣ: ವಿ5 ಮತ್ತು ವಿ6ರಲ್ಲಿ ಟಿ ಅಲೆ 2 ಮಿಲಿಮೀಟರ್ ಕೆಳಕ್ಕೆ ಬಾಗಿದೆ. ಬಡಿತ, ಪಿಆರ್, ಎತ್ತರ ಎಲ್ಲವೂ ಹಾಗೆಯೇ ಇವೆ, ಆದರೆ ತೀರ್ಮಾನ ಪೂರ್ತಿ ಬೇರೆ. ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ 1 ಮಿಲಿಮೀಟರ್ ಅಥವಾ ಹೆಚ್ಚು ಆಳದ ತಲೆಕೆಳಗಾದ ಟಿ ಅಲೆ ಸಾಮಾನ್ಯವಾಗಿ ಅಸಹಜ. ವಿ5 ಅಥವಾ ವಿ6ರಲ್ಲಾದರೆ ಒಂದೇ ಲೀಡ್ ಸಾಕು. ಇದಕ್ಕಿರುವ ಮುಖ್ಯ ವಿನಾಯಿತಿಗಳೆಲ್ಲ ಎದೆಯ ಮುಂಭಾಗದ ಲೀಡ್‌ಗಳಿಗೆ ಸಂಬಂಧಿಸಿದವು. 16 ವರ್ಷ ತುಂಬದವರಲ್ಲಿ ವಿ1ರಿಂದ ವಿ3ರವರೆಗಿನ ತಲೆಕೆಳಗು ಸಹಜ. ಆಫ್ರಿಕನ್ ಮೂಲದ ಕ್ರೀಡಾಪಟುಗಳಲ್ಲಿ ಜೆ ಬಿಂದು ಮೇಲೆದ್ದು, ಎಸ್‌ಟಿ ಗುಮ್ಮಟದಂತೆ ಉಬ್ಬಿ, ಅನಂತರ ಟಿ ಅಲೆ ತಲೆಕೆಳಗಾದರೆ ವಿ4ರವರೆಗೂ ಸಹಜ. ಪಾರ್ಶ್ವದ ಲೀಡ್‌ಗಳಿಗೆ ಇಂಥ ವಿನಾಯಿತಿ ಯಾವುದೂ ಇಲ್ಲ.

ಆದ್ದರಿಂದ ಈ ಎರಡನೆಯ ಓಟಗಾರನಿಗೆ ಎಕೋ ಮಾಡಿಸಿ, ಅದು ಸಹಜವಾಗಿದೆ ಎಂದು ಮನೆಗೆ ಕಳುಹಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಸ್ನಾಯು ದಪ್ಪವಾಗಿರುವುದು ಹೃದಯದ ತುದಿಯಲ್ಲಾದರೆ ಎಕೋ ಅದನ್ನು ತಪ್ಪಿಸಿಬಿಡಬಹುದು. ಎಂಆರ್‌ಐ ಆ ತುದಿಯನ್ನೂ, ಸ್ನಾಯುವಿನೊಳಗಿನ ಗಾಯದ ಕಲೆಯನ್ನೂ ತೋರಿಸುತ್ತದೆ. ಅದರ ಜೊತೆಗೆ ವ್ಯಾಯಾಮ ಪರೀಕ್ಷೆ, ಹೋಲ್ಟರ್ ದಾಖಲೆ ಹಾಗೂ ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದೆಯೇ ಎಂಬ ವಿಚಾರಣೆಯೂ ಬೇಕು. ಇವೆಲ್ಲವೂ ಸಹಜವಾಗಿದ್ದರೂ ಕಡತ ಮುಚ್ಚುವಂತಿಲ್ಲ, ಏಕೆಂದರೆ ಟಿ ಅಲೆ ತಲೆಕೆಳಗಾಗಿ ವರ್ಷಗಳು ಕಳೆದ ಮೇಲೆ ಸ್ನಾಯು ದಪ್ಪವಾಗುವುದುಂಟು. ಆತ ಕ್ರೀಡೆಯಲ್ಲಿ ಮುಂದುವರಿದರೂ ಪ್ರತಿ ವರ್ಷ ತಪಾಸಣೆಗೆ ಬರಬೇಕು.

ಮೇಲಿನ ಮಾನದಂಡವೆಲ್ಲ 12ರಿಂದ 35 ವರ್ಷದೊಳಗಿನ, ರೋಗಲಕ್ಷಣವಿಲ್ಲದ, ಕುಟುಂಬದಲ್ಲಿ ಇಂಥ ಇತಿಹಾಸವಿಲ್ಲದ ಕ್ರೀಡಾಪಟುಗಳಿಗಾಗಿ ಮಾಡಿದ್ದು. ಮೊದಲ ಪಟ್ಟಿಯ ಓಟಗಾರನೇ ಓಡುತ್ತಿರುವಾಗ ಎಚ್ಚರ ತಪ್ಪಿ ಬಿದ್ದಿದ್ದೆನೆಂದು ಹೇಳಿದ್ದರೆ, ಅಲೆಗಳೆಲ್ಲ ಸಹಜವಾಗಿದ್ದರೂ ಆತನನ್ನು ಪೂರ್ಣ ಪರೀಕ್ಷೆಗೆ ಒಳಪಡಿಸದೆ ಮೈದಾನಕ್ಕೆ ಬಿಡಬಾರದು.