ಎಪ್ಪತ್ತು ಬಂದರೂ ಐವತ್ತೇ: ಬ್ರಿಟನ್ನಿನ ರೀಸಿಟ್ ಲೆಕ್ಕ

ನಮ್ಮ ಕಡೆ ಬ್ಯಾಕ್ ಉಳಿದ ವಿಷಯವನ್ನು ಮತ್ತೆ ಬರೆದು ಪಾಸಾದರೆ ರ‍್ಯಾಂಕ್ ತಪ್ಪಬಹುದು, ಬಂದ ಅಂಕವಂತೂ ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ಅದೇ ಅಂದಾಜಿನಲ್ಲಿ ಬ್ರಿಟನ್ನಿಗೆ ಎಂಎಸ್ಸಿಗೆ ಹೋದವರು ರೀಸಿಟ್‌ನಲ್ಲಿ, ಅಂದರೆ ಮರುಪರೀಕ್ಷೆಯಲ್ಲಿ, 70 ತೆಗೆದು, ಅಂಕಪಟ್ಟಿಯಲ್ಲಿ 50 ಕಂಡು ಗಾಬರಿಯಾಗುತ್ತಾರೆ. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಮರುಪರೀಕ್ಷೆಯ ಅಂಕ ಪಾಸ್ ಗೆರೆ ದಾಟುವಂತಿಲ್ಲ. ಪದವಿಗೆ ಆ ಗೆರೆ 40, ಸ್ನಾತಕೋತ್ತರಕ್ಕೆ 50. ಇದಕ್ಕೆ ಅಲ್ಲಿನ ಹೆಸರು ‘ಕ್ಯಾಪ್’.

ಹಿಂದೆ ಪದವಿಯ ದರ್ಜೆ ಬಹುಮಟ್ಟಿಗೆ ಕೊನೆಯ ವರ್ಷದ ಪರೀಕ್ಷೆಗಳ ಮೇಲೆ ನಿಂತಿತ್ತು. 1980–90ರ ದಶಕಗಳಲ್ಲಿ ಕೋರ್ಸುಗಳನ್ನು ಮಾಡ್ಯೂಲುಗಳಾಗಿ ಒಡೆದು, ಪ್ರತಿಯೊಂದಕ್ಕೂ ಕ್ರೆಡಿಟ್ ಇಟ್ಟರು. 1992ರಲ್ಲಿ ಪಾಲಿಟೆಕ್ನಿಕ್‌ಗಳೂ ವಿಶ್ವವಿದ್ಯಾಲಯಗಳಾದವು. ಒಂದೊಂದು ಮಾಡ್ಯೂಲಿನ ಅಂಕವೂ ಸರಾಸರಿಗೆ ಸೇರತೊಡಗಿದಾಗ ತಕರಾರು ಹುಟ್ಟಿತು: ಮೊದಲ ಸಲವೇ 55 ತೆಗೆದವನಿಗೆ ಮತ್ತೆ ಬರೆಯುವ ಅವಕಾಶವಿಲ್ಲ, ಫೇಲಾದವನು ಇನ್ನೆರಡು ತಿಂಗಳು ಓದಿ 70 ಒಯ್ದರೆ ಅದು ಯಾವ ನ್ಯಾಯ? ಕ್ಯಾಪ್ ಇದಕ್ಕೆ ಕೊಟ್ಟ ಉತ್ತರ. ಪದವಿಯ ಮೊದಲ ವರ್ಷ ಸಾಮಾನ್ಯವಾಗಿ ದರ್ಜೆಗೆ ಲೆಕ್ಕವಿಲ್ಲದ್ದರಿಂದ ಅಲ್ಲಿ ಇದರ ಏಟು ತಗಲುವುದಿಲ್ಲ. ಒಂದೇ ವರ್ಷದ ಎಂಎಸ್ಸಿಯಲ್ಲಿ ತಗಲುತ್ತದೆ.

ಒಂದು ಲೆಕ್ಕ ಹಾಕೋಣ. ಎಂಎಸ್ಸಿಗೆ 180 ಕ್ರೆಡಿಟ್: ತಲಾ 20ರ ಆರು ಮಾಡ್ಯೂಲು, 60ರ ಪ್ರಬಂಧ. ಒಬ್ಬಳಿಗೆ ಐದು ಮಾಡ್ಯೂಲುಗಳಲ್ಲಿ 61, ಪ್ರಬಂಧಕ್ಕೆ 60 ಬಂದಿದೆ. ಆರನೆಯದರಲ್ಲಿ ಕೋರ್ಸ್‌ವರ್ಕ್ 62, ಪರೀಕ್ಷೆ 30. ಎರಡಕ್ಕೂ ಸಮಪಾಲು, ಹಾಗಾಗಿ 46, ಫೇಲು. ರೀಸಿಟ್‌ನಲ್ಲಿ ಪರೀಕ್ಷೆಗೆ 70 ತೆಗೆದಳು. ಕ್ಯಾಪ್ ಇಲ್ಲದಿದ್ದರೆ ಮಾಡ್ಯೂಲಿಗೆ 66, ಒಟ್ಟು ಸರಾಸರಿ 61.2. ಇಡೀ ಮಾಡ್ಯೂಲಿಗೇ ಕ್ಯಾಪ್ ಹಾಕಿದರೆ 50, ಸರಾಸರಿ 59.4. ಪಾಸಿಗಿಂತ ಮೇಲಿನ ದರ್ಜೆಯಾದ ಮೆರಿಟ್‌ಗೆ ಗೆರೆ 60. ಕೆಲವು ಕಡೆ 59.5 ಇದ್ದರೆ ಮೇಲಕ್ಕೆ ಏರಿಸುತ್ತಾರೆ, ಇವಳಿಗೆ ಅದೂ ದಕ್ಕಲಿಲ್ಲ.

ಆದರೆ ಎಲ್ಲ ಕಡೆ ಇದೇ ನಿಯಮವಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಫೇಲಾದ ಭಾಗಕ್ಕಷ್ಟೇ ಕ್ಯಾಪ್ ಹಾಕುತ್ತವೆ. ಆಗ ಪರೀಕ್ಷೆಗೆ 50, ಕೋರ್ಸ್‌ವರ್ಕಿನ 62 ಹಾಗೇ ಉಳಿದು ಮಾಡ್ಯೂಲಿಗೆ 56, ಸರಾಸರಿ 60.1. ಅದೇ ಹುಡುಗಿ, ಅದೇ ಉತ್ತರಪತ್ರಿಕೆ, ಈಗ ಮೆರಿಟ್. ಹ್ಯಾಂಡ್‌ಬುಕ್ಕಿನಲ್ಲಿ ‘ಮಾಡ್ಯೂಲ್’ ಎಂದಿದೆಯೋ ‘ಕಾಂಪೊನೆಂಟ್’ ಎಂದಿದೆಯೋ ಎಂದು ನೋಡಬೇಕಾದದ್ದು ಇದಕ್ಕೇ.

ಕ್ಯಾಪ್‌ನಿಂದ ಪಾರಾಗುವ ನೇರ ದಾರಿ ಒಂದೇ. ಕಾಯಿಲೆ, ಮನೆಯಲ್ಲಿ ಸಾವು ಇಂಥ ಕಾರಣವಿದ್ದರೆ ಗಡುವಿನೊಳಗೆ ದಾಖಲೆ ಸಮೇತ ‘ಮಿಟಿಗೇಟಿಂಗ್ ಸರ್ಕಮ್‌ಸ್ಟನ್ಸಸ್’ ಅರ್ಜಿ ಹಾಕಬೇಕು. ಒಪ್ಪಿದರೆ ಮುಂದಿನ ಪರೀಕ್ಷೆ ‘ಫಸ್ಟ್ ಸಿಟ್’, ಅಂದರೆ ಮೊದಲ ಸಲ ಬರೆದದ್ದೆಂದೇ ಲೆಕ್ಕವಾಗಿ, ಬಂದ ಅಂಕ ಪೂರ್ತಿ ಸಿಗುತ್ತದೆ. ಎಡವಟ್ಟಾಗುವುದು ಜ್ವರ ಇಟ್ಟುಕೊಂಡೇ ಹೋಗಿ ಬರೆಯುವವರಿಗೆ: ‘ಫಿಟ್ ಟು ಸಿಟ್’ ನಿಯಮ ಇರುವ ಕಡೆ, ಪರೀಕ್ಷೆಗೆ ಕೂತದ್ದೇ ಆರೋಗ್ಯವಾಗಿದ್ದೇನೆಂದು ಒಪ್ಪಿಕೊಂಡ ಹಾಗೆ. ಫಲಿತಾಂಶ ಬಂದ ಮೇಲೆ ತಂದ ವೈದ್ಯರ ಚೀಟಿಗೆ ಅಲ್ಲಿ ಬೆಲೆ ಸಿಗುವುದು ಅಪರೂಪ.